ಗ್ರಾಮಸಭೆಯ ಭಾಷಣವೊಂದನ್ನು ಪರಿಶೀಲಿಸಿದ ಬಗೆ

ಆರೋಗ್ಯ ಸಿಬ್ಬಂದಿ ಸಭೆಗಳಲ್ಲಿ ಮಾಡುವ ಭಾಷಣಗಳ ಬರಹವನ್ನು ಮುಂಚಿತವಾಗಿ ನೋಡಿಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಯುವ ವೈದ್ಯರೊಬ್ಬರು ಗ್ರಾಮಸಭೆಗಾಗಿ ಡೆಂಗಿ ಜ್ವರದ ಬಗ್ಗೆ ಐದು ನಿಮಿಷದ ಭಾಷಣ ಬರೆದು ಕಳುಹಿಸಿದ್ದರು. ಅದರಲ್ಲಿ ಮಾಹಿತಿಯ ತಪ್ಪು ಒಂದೂ ಇರಲಿಲ್ಲ. ಆದರೂ ಹಾಗೆಯೇ ಓದಿದ್ದರೆ ಯಾರ ಕಿವಿಗೂ ತಲುಪುತ್ತಿರಲಿಲ್ಲ.

ಮೊದಲ ಓದಿನಲ್ಲಿ ನಾನು ಪೆನ್ಸಿಲ್ ಹಿಡಿದು, ಪ್ರತಿ ವಾಕ್ಯದ ಅಂಚಿನಲ್ಲಿ ಅದು ಸಭೆಯಲ್ಲಿರುವ ಯಾರಿಗೆ ಎಂದು ಬರೆಯುತ್ತೇನೆ. ಯಾರ ಹೆಸರೂ ಹೊಳೆಯದ ವಾಕ್ಯ ಸಾಮಾನ್ಯವಾಗಿ ಭಾಷಣಕಾರರು ತಮ್ಮ ಸಮಾಧಾನಕ್ಕೆ ಬರೆದುಕೊಂಡದ್ದಾಗಿರುತ್ತದೆ. ಈ ಬರಹದಲ್ಲಿ ವೈರಸ್ಸಿನ ನಾಲ್ಕು ಬಗೆಗಳನ್ನು ವಿವರಿಸುವ ಇಡೀ ಪರಿಚ್ಛೇದ ಅಂಥದ್ದಾಗಿತ್ತು. ಅದಕ್ಕಿಂತ ತೊಡಕಿನದ್ದು 'ಮನೆಯಲ್ಲಿ ನೀರನ್ನು ಸಂಗ್ರಹಿಸಿಡಬೇಡಿ' ಎಂಬ ಸಲಹೆ. ಆ ಊರಿನಲ್ಲಿ ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಡ್ರಮ್ಮು, ಸಿಂಟೆಕ್ಸ್, ತೊಟ್ಟಿ ತುಂಬಿಸಿಡದೆ ಬದುಕಲಾಗದ ಹೆಂಗಸರು ಎದುರಿಗೆ ಕುಳಿತಿರುವಾಗ ಈ ಮಾತು ಹೇಳಿದರೆ, ಈ ಡಾಕ್ಟರಿಗೆ ನಮ್ಮ ಊರು ಗೊತ್ತಿಲ್ಲ ಎಂದು ಅವರು ತೀರ್ಮಾನಿಸುತ್ತಾರೆ. ಅನಂತರದ ಯಾವ ಮಾತೂ ಒಳಗೆ ಇಳಿಯುವುದಿಲ್ಲ. 'ತುಂಬಿಸಿಡಿ, ಆದರೆ ಮುಚ್ಚಿಡಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ತಿಕ್ಕಿ' ಎಂದು ಬದಲಿಸಲು ಸೂಚಿಸಿದೆ. ತಿಕ್ಕುವುದು ಏಕೆಂದರೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೂ ಒಣಗಿ ಉಳಿದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತದೆ. ಈ ಕಾರಣ ಬರಹದಲ್ಲಿ ಇರಲೇ ಇಲ್ಲ. ಅದೇ ಸಭೆಗೆ ಹೊಸ ವಿಷಯವಾಗಿತ್ತು.

ಎರಡನೆಯ ಓದು ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು. ಉಸಿರು ತೆಗೆದುಕೊಳ್ಳಬೇಕಾದಲ್ಲೆಲ್ಲ ಒಂದು ಓರೆಗೆರೆ ಎಳೆಯುತ್ತೇನೆ. ವಾಕ್ಯದ ನಡುವೆ ಎರಡು ಗೆರೆಗಿಂತ ಹೆಚ್ಚು ಬಿದ್ದರೆ ಅದನ್ನು ಒಡೆಯಬೇಕು ಎಂದೇ ಅರ್ಥ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಉದ್ದನೆಯ ವಾಕ್ಯವನ್ನು ಕೇಳುವವರು ಏನಾಯಿತೆಂದು ತಿಳಿಯಲು ಕೊನೆಯವರೆಗೆ ಎಲ್ಲವನ್ನೂ ನೆನಪಿನಲ್ಲಿ ಹೊತ್ತುಕೊಂಡಿರಬೇಕಾಗುತ್ತದೆ. ಓದುಗ ಹಿಂದಕ್ಕೆ ಹೋಗಿ ನೋಡಬಲ್ಲ, ಕೇಳುಗನಿಗೆ ಆ ಅವಕಾಶವಿಲ್ಲ. ಬರಹದಲ್ಲಿದ್ದ ವಾಕ್ಯ ಇದು: 'ನಿಂತ ನೀರಿನಲ್ಲಿ ಸಂತಾನೋತ್ಪತ್ತಿ ಮಾಡುವ, ಹಗಲಿನ ವೇಳೆಯಲ್ಲಿ ಕಚ್ಚುವ, ಈಡಿಸ್ ಜಾತಿಯ ಹೆಣ್ಣು ಸೊಳ್ಳೆಯಿಂದ ಹರಡಲ್ಪಡುವ ಈ ರೋಗವನ್ನು ಸೂಕ್ತ ಮುಂಜಾಗ್ರತಾ ಕ್ರಮಗಳನ್ನು ಅನುಸರಿಸುವುದರಿಂದ ನಿಯಂತ್ರಿಸಬಹುದಾಗಿದೆ.' ನನಗೆ ಇದರಲ್ಲಿ ನಾಲ್ಕು ಗೆರೆ ಬಿದ್ದವು. ನಾವಿಬ್ಬರೂ ಕೂತು ಅದನ್ನು ಹೀಗೆ ಮಾಡಿದೆವು: 'ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮೊಟ್ಟೆ ಇಡುವುದು ನಮ್ಮದೇ ಡ್ರಮ್ಮಿನಲ್ಲಿ. ಆ ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರ ಬೇಕು. ಅಷ್ಟರೊಳಗೆ ನೀವು ಡ್ರಮ್ಮು ತಿಕ್ಕಿದರೆ ಅದು ಹಾರುವುದೇ ಇಲ್ಲ.' ಎರಡು ಗಿಡ್ಡ ವಾಕ್ಯಗಳ ನಂತರ ಒಂದು ಉದ್ದನೆಯದು ಬಂದದ್ದು ಬೇಕೆಂದೇ. ಎಲ್ಲವನ್ನೂ ಗಿಡ್ಡ ಮಾಡಿದರೆ ಭಾಷಣ ಮಗ್ಗಿ ಒಪ್ಪಿಸಿದಂತೆ ಕೇಳಿಸುತ್ತದೆ. ಅಲ್ಲಲ್ಲಿ ಪ್ರಾಸ ಸೇರಿಸುವ ಚಪಲವನ್ನೂ ನಾನು ತಡೆಯುತ್ತೇನೆ. ಜನರಿಗೆ ಪ್ರಾಸ ನೆನಪಿರುತ್ತದೆ, ವಿಷಯ ಮರೆತಿರುತ್ತದೆ.

ಕೊನೆಯದಾಗಿ ಮೊದಲ ನಾಲ್ಕು ಮತ್ತು ಕಡೆಯ ನಾಲ್ಕು ವಾಕ್ಯಗಳನ್ನು ಮಾತ್ರ ಬೇರೆ ಹಾಳೆಗೆ ಬರೆದುಕೊಂಡು ನೋಡುತ್ತೇನೆ. ಇಲ್ಲಿ ಆರಂಭದ ಮುಕ್ಕಾಲು ನಿಮಿಷ ವೇದಿಕೆಯ ಮೇಲಿರುವ ಗಣ್ಯರ ಹೆಸರುಗಳಿಗೆ ಹೋಗಿತ್ತು. ಸಂಬೋಧನೆಯನ್ನು ಪೂರ್ತಿ ಬಿಟ್ಟರೆ ಹಳ್ಳಿಯ ಸಭೆಯಲ್ಲಿ ಅಗೌರವವೆನಿಸುತ್ತದೆ. ಆದ್ದರಿಂದ ಅಧ್ಯಕ್ಷರಿಗೂ ಸಭೆಗೂ ಒಂದೇ ವಾಕ್ಯದಲ್ಲಿ ನಮಸ್ಕರಿಸಿ ಮುಗಿಸಲು ಹೇಳಿದೆ. ಅದರ ಬೆನ್ನಿಗೇ ಬರಬೇಕಾದ ವಾಕ್ಯ ಅವರ ಬರಹದ ಮೂರನೆಯ ಪುಟದಲ್ಲಿ ಅಡಗಿತ್ತು: ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯ ಶುರುವಾಗುವ ಹೊತ್ತೂ ಆಗಿರಬಹುದು. ಜ್ವರ ಇಳಿಯಿತು ಎಂದು ಮಗುವನ್ನು ಶಾಲೆಗೆ ಕಳುಹಿಸಿದ ತಾಯಿ ಸಭೆಯಲ್ಲಿದ್ದರೆ, ಇದನ್ನು ಕೇಳಿ ತಲೆ ಎತ್ತದೆ ಇರಲಾರಳು. ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂಬ ಮಾತೂ ಅಲ್ಲಿಂದ ಸಹಜವಾಗಿ ಮುಂದುವರಿಯಿತು. ಸಂಬಂಧವಿಲ್ಲದ ವಚನವೊಂದರಿಂದ ಆರಂಭಿಸುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ. ವಚನ ವಿಷಯಕ್ಕೆ ನೇರವಾಗಿ ಒದಗಿದರೆ ಮಾತು ಬೇರೆ.

ಮುಕ್ತಾಯದಲ್ಲಿ 'ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ' ಎಂದಿತ್ತು, ಅದರ ಹಿಂದೆ ಅವಕಾಶ ಕೊಟ್ಟವರಿಗೆಲ್ಲ ವಂದನೆ. ವಂದನೆಯನ್ನು ಕೊನೆಯ ಮಾತಿಗಿಂತ ಮೊದಲೇ ಮುಗಿಸಬೇಕೆಂದು ನಾನು ಒತ್ತಾಯಿಸಿದೆ. ಕೊನೆಗೆ ಉಳಿಯಬೇಕಾದದ್ದು ಒಂದೇ ಕೆಲಸ, ಅದಕ್ಕೊಂದು ದಿನವೂ ಬೇಕು. ಆ ಊರಿನಲ್ಲಿ ಸಂತೆ ಮಂಗಳವಾರ. 'ಸಂತೆಯ ಹಿಂದಿನ ದಿನ, ಸೋಮವಾರ, ಡ್ರಮ್ಮು ತಿಕ್ಕುವ ದಿನ' ಎಂಬ ವಾಕ್ಯವನ್ನು ವೈದ್ಯರೇ ಸೂಚಿಸಿದರು. ಮೈಕಿನ ಮುಂದೆ ಅವರು ಅದನ್ನು ಹೇಗೆ ಹೇಳುತ್ತಾರೆಂಬುದನ್ನು ಹಾಳೆ ನೋಡಿ ತೀರ್ಮಾನಿಸಲಾಗದು. ಹಾಗಾಗಿ ಭಾಷಣ ಕೇಳದ ಆಶಾ ಕಾರ್ಯಕರ್ತೆಯೊಬ್ಬರ ಎದುರು ಒಮ್ಮೆ ಓದಿಸಿ, ಏನು ನೆನಪಿದೆ ಎಂದು ಅರ್ಧ ಗಂಟೆಯ ನಂತರ ಕೇಳಿದೆವು. ಅವರು ಜ್ವರ ಇಳಿಯುವ ಮಾತನ್ನೂ ಸೋಮವಾರವನ್ನೂ ಹೇಳಿದರು. ಮೊಟ್ಟೆ ಗೋಡೆಗೆ ಅಂಟುವುದನ್ನು ಮರೆತಿದ್ದರು. ಆ ವಾಕ್ಯವನ್ನು ಸೋಮವಾರದ ಮಾತಿನ ಪಕ್ಕಕ್ಕೆ ತಂದು ಇಟ್ಟೆವು.