ರಿಸರ್ಚ್ ಸ್ಟೇಟ್‌ಮೆಂಟ್ ಬರೆಯುವವರಿಗೆ: ಹಳೇ ಕೆಲಸ, ಮುಂದಿನ ಯೋಜನೆ ಜೋಡಿಸುವ ದಾರಿ
ಫ್ಯಾಕಲ್ಟಿ ಅರ್ಜಿಯ ರಿಸರ್ಚ್ ಸ್ಟೇಟ್‌ಮೆಂಟ್‌ನಲ್ಲಿ ಹಳೇ ಕೆಲಸದ ಪ್ರತಿ ಪ್ಯಾರಾವನ್ನೂ ಅದು ಉತ್ತರಿಸದೆ ಬಿಟ್ಟ ಪ್ರಶ್ನೆಯಿಂದ ಮುಗಿಸಿ. ಮುಂದಿನ ಯೋಜನೆಯನ್ನು ಅದೇ ಪ್ರಶ್ನೆಯಿಂದ ಶುರು ಮಾಡಿ. ಉದಾಹರಣೆಗೆ, ಪಿಎಚ್‌ಡಿಯಲ್ಲಿ ಕೋಲಾರದ ಬೋರ್‌ವೆಲ್‌ಗಳ ಫ್ಲೋರೈಡ್ ಅಳೆದಿದ್ದೀರಿ, ಪೋಸ್ಟ್‌ಡಾಕ್‌ನಲ್ಲಿ ಟ್ರೀಷಿಯಂ ಬಳಸಿ ಅಂತರ್ಜಲದ ವಯಸ್ಸು ಅಂದಾಜಿಸಲು ಕಲಿತಿದ್ದೀರಿ ಎನ್ನಿ. ಬೇರೆ ಬೇರೆಯಾಗಿ ಬರೆದರೆ ಎರಡು ಕೆಲಸ, ಅಷ್ಟೆ. ‘ಫ್ಲೋರೈಡ್ ಜಾಸ್ತಿ ಇರುವ ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲದಿಂದ ನಿಂತಿದೆ?’ ಎಂದು ಮೊದಲ ಪ್ಯಾರಾ ಮುಗಿದರೆ, ಎರಡನೆಯದು ಅದಕ್ಕೆ ಬೇಕಾದ ಸಾಧನವಾಗುತ್ತದೆ. ಹಳೇ ನೀರಾದರೆ, ಮಳೆನೀರು ಇಂಗಿಸಿ ಅದರ ಫ್ಲೋರೈಡ್ ತಗ್ಗಿಸಬಹುದೇ ಎನ್ನುವುದು ಐದು ವರ್ಷದ ಯೋಜನೆ. ಆಯ್ಕೆ ಸಮಿತಿಯಲ್ಲಿ ನಿಮ್ಮ ವಿಷಯದವರು ಒಬ್ಬರೋ ಇಬ್ಬರೋ ಇರುತ್ತಾರೆ. ಉಳಿದವರಿಗೆ ವಿಧಾನ ತಿಳಿಯದಿದ್ದರೂ ಪ್ರಶ್ನೆ ತಿಳಿಯುತ್ತದೆ, ಈ ಕೆಲಸ ನಿಮ್ಮಿಂದಲೇ ಯಾಕೆ ಆಗಬೇಕು ಎನ್ನುವುದೂ ಕಾಣುತ್ತದೆ. ಕಾಲಾನುಕ್ರಮದಲ್ಲಿ ಬರೆದರೆ ಅದು ಸಿವಿಯ ಇನ್ನೊಂದು ಪ್ರತಿ, ಅಲ್ವಾ? ಎರಡು ಕೆಲಸಕ್ಕೂ ನಿಜಕ್ಕೂ ನಂಟಿಲ್ಲದಿದ್ದರೆ ಈ ದಾರಿ ನಡೆಯದು. ಸುಮ್ನೆ ಗಂಟು ಹಾಕಬೇಡಿ, ಒಂದನ್ನು ಒಂದೇ ಸಾಲಿನಲ್ಲಿ ಹೇಳಿ ಬಿಡಿ. ಇನ್ನೊಂದು ಕಡೆಯೂ ಎಡವಬಹುದು: ಉಳಿದ ಪ್ರಶ್ನೆ ನಿಮ್ಮ ಗೈಡ್ ಈಗಾಗಲೇ ಕೈಗೆತ್ತಿಕೊಂಡಿರುವುದಾಗಿದ್ದರೆ, ಅವರ ಲ್ಯಾಬ್, ಅವರ ಸ್ಯಾಂಪಲ್ ಇಲ್ಲದೆ ಮೊದಲ ವರ್ಷ ಏನು ಮಾಡುತ್ತೀರಿ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಹೊಳೆಯದಿದ್ದರೆ ಪ್ರಶ್ನೆಯನ್ನೇ ಬದಲಿಸಿ.