ದೊಡ್ಡ ಸಂಬಳ ಬಿಟ್ಟು ಸಣ್ಣ ಅಂಗಡಿಗೆ ನೋಟಿಸ್ ಯಾಕೆ?

ನಾನು ತೆರಿಗೆ ಸಲಹೆಗಾರ. ಆಫೀಸಿಗೆ ಕಲಿಯಲು ಬರುವ ಹುಡುಗರಿಗೆ ಎರಡು ರಿಟರ್ನ್ ಕೊಟ್ಟು, ‘ನೀವೇ ಅಧಿಕಾರಿ, ಒಂದನ್ನು ಮಾತ್ರ ಪರಿಶೀಲಿಸೋಕೆ ಸಮಯ ಇದೆ, ಯಾವುದು?’ ಅಂತ ಕೇಳುತ್ತೇನೆ. ಒಂದರಲ್ಲಿ ಸಂಬಳ 42 ಲಕ್ಷ. ಇನ್ನೊಂದು ಹಾರ್ಡ್‌ವೇರ್ ಅಂಗಡಿ: ವಹಿವಾಟು 20 ಲಕ್ಷ, ಎಲ್ಲಾ ನಗದು, ಅದರ ಶೇ. 8 ಅಂತ 1.6 ಲಕ್ಷ ಆದಾಯ ತೋರಿಸಿದೆ.

ಹೆಚ್ಚಿನವರು ಸಂಬಳದವನನ್ನೇ ಹಿಡಿಯುತ್ತಾರೆ. ಆದರೆ ಅಲ್ಲಿ ಹುಡುಕೋಕೆ ಏನಿದೆ? ಕಂಪನಿ ಟಿಡಿಎಸ್ ಕಟ್ಟಿ, ಸಂಬಳದ ಲೆಕ್ಕವನ್ನು ಇಲಾಖೆಗೆ ಆಗಲೇ ಕೊಟ್ಟಿದೆ. ಇಲಾಖೆ ನೋಡುವುದು ಆದಾಯ ಎಷ್ಟು ದೊಡ್ಡದು ಅಂತಲ್ಲ. ನೀವು ಹೇಳಿದ್ದಕ್ಕೂ ಬೇರೆಯವರು ನಿಮ್ಮ ಬಗ್ಗೆ ಹೇಳಿದ್ದಕ್ಕೂ ಎಷ್ಟು ಅಂತರ ಇದೆ, ಕೆದಕಿದರೆ ಎಷ್ಟು ತೆರಿಗೆ ಸಿಗಬಹುದು ಅಂತ.

ಆಮೇಲೆ ಮೂರನೇ ಹಾಳೆ ಕೊಡುತ್ತೇನೆ, ಅದು ಬ್ಯಾಂಕಿನ ವರದಿ. ಉಳಿತಾಯ ಖಾತೆಗಳಿಗೆ ವರ್ಷದಲ್ಲಿ ಒಟ್ಟು 10 ಲಕ್ಷ ಅಥವಾ ಜಾಸ್ತಿ ನಗದು ಕಟ್ಟಿದರೆ ಬ್ಯಾಂಕ್ ಇಲಾಖೆಗೆ ತಿಳಿಸಬೇಕು. ಅಂಗಡಿಯವರ ಹೆಸರಿನ ಮುಂದೆ 31 ಲಕ್ಷ ಇದೆ. ವಹಿವಾಟೇ 20 ಲಕ್ಷ, ಉಳಿದ 11 ಎಲ್ಲಿಂದ ಬಂತು? ಕಂಪ್ಯೂಟರ್ ರಿಟರ್ನ್ ಆರಿಸಿಕೊಳ್ಳೋದು ಇಂಥ ಪ್ರಶ್ನೆಗೇ. ಈ ಲೆಕ್ಕಗಳು ನಮ್ಮ ಒಬ್ಬ ಕಕ್ಷಿದಾರರದ್ದೇ, ಅಂಕಿಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ. ಅವರಿಗೆ ಸೀಮಿತ ಸ್ಕ್ರೂಟಿನಿ ನೋಟಿಸ್ ಬಂತು. ಅಂದರೆ ಈ ನಗದಿನ ವಿಷಯ ಒಂದನ್ನೇ ಕೇಳುತ್ತಾರೆ.

ನಾವು ಪಾಸ್‌ಬುಕ್ ತೆಗೆದು ನೋಡಿದೆವು. ಸೈಟ್ ಖರೀದಿಗೆ ಅಂತ ಆಗಸ್ಟಿನಲ್ಲಿ 12 ಲಕ್ಷ ತೆಗೆದಿದ್ದರು. ವ್ಯವಹಾರ ಮುರಿದುಬಿತ್ತು, ಅಕ್ಟೋಬರಿನಲ್ಲಿ ವಾಪಸ್ ಕಟ್ಟಿದ್ದರು. 31ರಲ್ಲಿ 12 ಕಳೆದರೆ 19. ವಹಿವಾಟಿನ ಒಳಗೇ ಬಂತು ಅಲ್ವಾ? ಉಳಿತಾಯ ಖಾತೆಗೆ 10 ಲಕ್ಷದ ಈ ಲೆಕ್ಕ ಕಟ್ಟಿದ ನಗದಿಗೆ ಮಾತ್ರ, ತೆಗೆದದ್ದಕ್ಕಲ್ಲ. ಹಾಗಾಗಿ ಕಂಪ್ಯೂಟರಿಗೆ ಕಂಡದ್ದು ಅರ್ಧ ಚಿತ್ರ. ತಾರೀಕುವಾರು ನಗದು ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮುರಿದ ಕರಾರು ಪತ್ರ ಕೊಟ್ಟೆವು. ಅಧಿಕಾರಿ ಒಪ್ಪಿದರು. ತೆಗೆದ ಹಣ ವರ್ಷವಿಡೀ ಹೊರಗಿದ್ದಿದ್ದರೆ ಇಷ್ಟು ಸಲೀಸಾಗಿ ಒಪ್ಪುತ್ತಿರಲಿಲ್ಲ ಅಂತ ನನ್ನ ಅಂದಾಜು. ಅಷ್ಟು ದಿನ ಯಾರಾದರೂ ದುಡ್ಡು ಸುಮ್ನೆ ಮನೇಲಿ ಇಟ್ಕೊಳ್ತಾರಾ ಅಂತ ಕೇಳುವುದು ಸಹಜ.

ಇದಕ್ಕಿಂತ ಗಟ್ಟಿ ಸಮಸ್ಯೆ ಇನ್ನೊಂದು ಕಡೆ ಇದೆ. ನಗದನ್ನು ಬ್ಯಾಂಕಿಗೆ ಕಟ್ಟದೇ ಇರುವವನ ಬಗ್ಗೆ ಬ್ಯಾಂಕಿನಿಂದ ಇಂಥ ವರದಿ ಹೋಗುವುದಿಲ್ಲ. ಅವನ ರಿಟರ್ನ್‌ಗೆ ಕಂಪ್ಯೂಟರ್ ಕೊಡುವ ಅನುಮಾನದ ಅಂಕ ಕಡಿಮೆಯೇ ಉಳಿಯುತ್ತದೆ. ಆರಿಸಿದವರನ್ನೇ ನೋಡಿ ಕಲಿಯುವ ಲೆಕ್ಕಾಚಾರಕ್ಕೆ ಇವನು ಸಿಗುವುದೇ ಇಲ್ಲ. ಅದಕ್ಕೇ ಅಮೆರಿಕದ ತೆರಿಗೆ ಇಲಾಖೆ ಒಂದಷ್ಟು ರಿಟರ್ನ್‌ಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪರಿಶೀಲಿಸುತ್ತದೆ. ಅಲ್ಲಿ ಸಿಕ್ಕ ತಪ್ಪುಗಳನ್ನು ನೋಡಿ, ಯಾವ ಲಕ್ಷಣಕ್ಕೆ ಎಷ್ಟು ಅಂಕ ಕೊಡಬೇಕು ಅಂತ ತಿದ್ದಿಕೊಳ್ಳುತ್ತದೆ.