ಖೋವಾ ಯೂನಿಟ್ ಬಾಯ್ಲರ್‌ಗೆ ದಿನಕ್ಕೆ 420 ಕೆಜಿ ಬ್ರಿಕೆಟ್ ಯಾಕೆ ಹೋಗ್ತಿತ್ತು – ನನ್ನ ಅನುಭವ

ನಮ್ದು ದಾವಣಗೆರೆ ಹತ್ರ ಹರಿಹರ ಕಡೆ ಒಂದು ಚಿಕ್ಕ ಖೋವಾ ಯೂನಿಟ್. ದಿನಕ್ಕೆ 1,000 ಕೆಜಿ ಹಾಲು ಬರುತ್ತೆ, ಅದರಿಂದ ಸುಮಾರು 200 ಕೆಜಿ ಖೋವಾ ತೆಗೀತೀವಿ. ಸ್ಟೀಮ್ ಜಾಕೆಟ್ ಇರೋ ಕೆಟಲ್‌ಗಳು, 7 ಕೆಜಿ ಪ್ರೆಶರ್‌ನಲ್ಲಿ ಓಡೋ ಒಂದು ಸಣ್ಣ ಬಾಯ್ಲರ್, ಉರುವಲು ಚಳ್ಳಕೆರೆ ಕಡೆಯಿಂದ ಬರೋ ಶೇಂಗಾ ಸಿಪ್ಪೆ ಬ್ರಿಕೆಟ್. ಬಾಯ್ಲರ್ ಕೊಟ್ಟವರು ಕೊಟೇಶನ್‌ನಲ್ಲೇ ಬರೆದಿದ್ರು, ಒಂದು ಕೆಜಿ ಬ್ರಿಕೆಟ್‌ಗೆ 6 ಕೆಜಿ ಸ್ಟೀಮ್ ಬರುತ್ತೆ, ದಿನಕ್ಕೆ 200 ಕೆಜಿ ಸಾಕು ಅಂತ. ಶುರು ಮಾಡಿ ಮೂರು ತಿಂಗಳಾದ್ಮೇಲೆ ತೂಕ ಹಾಕಿ ನೋಡಿದ್ರೆ ದಿನಕ್ಕೆ 420 ಕೆಜಿ ಹೋಗ್ತಿದೆ. ಕೆಜಿಗೆ ನಮಗೆ 7 ರೂಪಾಯಿ ಬೀಳ್ತಿತ್ತು, ಖೋವಾದಲ್ಲಿ ಉಳಿಯೋ ದುಡ್ಡೆಲ್ಲಾ ಒಲೆಗೆ ಹಾಕ್ದಂಗೆ ಆಗ್ತಿತ್ತು.

ಬಾಯ್ಲರ್ ಸರಿ ಇಲ್ಲ ಅಂತ ಅವರ ಜೊತೆ ಜಗಳಕ್ಕೆ ಹೋಗೋಕೆ ಮುಂಚೆ ನಾನೇ ಕೂತು ಲೆಕ್ಕ ಹಾಕಿದೆ, ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಕೆಟಲ್‌ಗೆ ಎಷ್ಟು ಶಾಖ ಬೇಕು ಅನ್ನೋದು. ಹಾಲು ನಮಗೆ 10 ಡಿಗ್ರಿಗೆ ತಣ್ಣಗೆ ಬರುತ್ತೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಹಂಗಾಗಿ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತೆ. ಹಾಲನ್ನ ಕುದಿಯೋ ಮಟ್ಟಕ್ಕೆ ತರೋಕೆ 1,000 × 0.93 × 88, ಅಂದ್ರೆ ಸುಮಾರು 82,000 ಕಿಲೋ ಕ್ಯಾಲೊರಿ. ಇದು ಸಣ್ಣ ಖರ್ಚು. ದೊಡ್ಡದು ನೀರನ್ನ ಆವಿ ಮಾಡೋದು: 1,000 ಕೆಜಿ ಹಾಲಿನಿಂದ 200 ಕೆಜಿ ಖೋವಾ ಅಂದ್ರೆ 800 ಕೆಜಿ ನೀರು ಹಾರಿಸ್ಬೇಕು, ಕೆಜಿಗೆ 540ರಂತೆ 4,32,000. ಕೆಟಲ್ ಮೇಲ್ಗಡೆಯಿಂದ, ಮೈಯಿಂದ ಹೋಗೋ ಶಾಖಕ್ಕೆ ಒಂದು 8% ಸೇರಿಸಿದೆ. ಒಟ್ಟು 5,55,000 ಕಿಲೋ ಕ್ಯಾಲೊರಿ.

ಕೆಟಲ್ ಒಳಗೆ ಸ್ಟೀಮ್ 2 ಕೆಜಿ ಪ್ರೆಶರ್‌ಗೆ ಇಳಿದು ಬರುತ್ತೆ, ಅಲ್ಲಿ ಅದು ನೀರಾಗುವಾಗ ಕೊಡೋದು ಕೆಜಿಗೆ ಸುಮಾರು 520 ಮಾತ್ರ, ಉಳಿದಿದ್ದು ಬಿಸಿನೀರಿನ ರೂಪದಲ್ಲಿ, ಸ್ಟೀಮ್ ತಡೆದು ನೀರನ್ನ ಮಾತ್ರ ಹೊರಗೆ ಬಿಡೋ ಟ್ರ್ಯಾಪ್ ದಾಟಿ ಹೋಗುತ್ತೆ. 5,55,000 ಭಾಗಿಸು 520, ಸುಮಾರು 1,070 ಕೆಜಿ ಸ್ಟೀಮ್. ಕ್ಯಾನ್ ತೊಳೆಯೋ ಬಿಸಿನೀರಿಗೆ ಇನ್ನೊಂದು 30. ಒಟ್ಟು 1,100 ಕೆಜಿ. ಕೊಟೇಶನ್‌ನವರು 1,200 ಹಿಡಿದಿದ್ರು, ಅಂದ್ರೆ ಸ್ಟೀಮ್ ವಿಷಯದಲ್ಲಿ ಅವರು ಕಮ್ಮಿ ಹೇಳಿರಲಿಲ್ಲ.

ತಪ್ಪಿದ್ದು ಉರುವಲು ಲೆಕ್ಕದಲ್ಲಿ. ಲೆಕ್ಕ ಇಷ್ಟೇ:

```
ಉರುವಲು = ಸ್ಟೀಮ್ × (ಸ್ಟೀಮ್ ಎಂಥಾಲ್ಪಿ − ಫೀಡ್ ನೀರಿನ ಎಂಥಾಲ್ಪಿ)
         ÷ (ಎಫಿಶಿಯೆನ್ಸಿ × ಕ್ಯಾಲೊರಿಫಿಕ್ ವ್ಯಾಲ್ಯೂ)
```

ಎಂಥಾಲ್ಪಿ ಅಂದ್ರೆ ಒಂದು ಕೆಜಿ ಸ್ಟೀಮ್ ಅಥವಾ ನೀರಲ್ಲಿರೋ ಶಾಖ, ಕ್ಯಾಲೊರಿಫಿಕ್ ವ್ಯಾಲ್ಯೂ ಅಂದ್ರೆ ಒಂದು ಕೆಜಿ ಉರುವಲು ಸುಟ್ಟರೆ ಬರೋ ಶಾಖ. ಅವರ 6 ಎಲ್ಲಿಂದ ಬಂತು ಅಂತ ಹಿಂದಕ್ಕೆ ಲೆಕ್ಕ ಮಾಡಿದ್ರೆ 4,000 × 0.80 ÷ 540, ಅಂದ್ರೆ 5.9. ಈ 540 ಅನ್ನೋದು 100 ಡಿಗ್ರಿ ನೀರನ್ನ 100 ಡಿಗ್ರಿಯಲ್ಲೇ ಆವಿ ಮಾಡೋಕೆ ಬೇಕಾದ ಶಾಖ. ಬಾಯ್ಲರ್ ಕೆಪ್ಯಾಸಿಟಿಯನ್ನ ಆ ಲೆಕ್ಕದಲ್ಲಿ ಬರೆಯೋದು ವಾಡಿಕೆ, ಅದು ಮೋಸ ಅಲ್ಲ, ಆದ್ರೆ ನಮ್ಮ ಬಾಯ್ಲರ್‌ಗೆ ಹೋಗೋದು 27 ಡಿಗ್ರಿ ಬೋರ್ ನೀರು. ಸ್ಟೀಮ್ ಟೇಬಲ್‌ನಲ್ಲಿ ನಮ್ಮ ಪ್ರೆಶರ್‌ಗೆ ಸ್ಟೀಮ್ ಎಂಥಾಲ್ಪಿ 661, ಅದರಲ್ಲಿ ನೀರಿನ 27 ಕಳೆದ್ರೆ 634. ಅಂದ್ರೆ ಪ್ರತಿ ಕೆಜಿ ಸ್ಟೀಮ್‌ಗೂ 540 ಬದಲು 634 ಕೊಡ್ಬೇಕು. ಇದೇ ಕಾರಣಕ್ಕೆ ಗಂಟೆಗೆ 300 ಕೆಜಿ ಅಂತ ಪ್ಲೇಟ್ ಮೇಲಿರೋ ಬಾಯ್ಲರ್ ನಮ್ಮ ನೀರಿನಲ್ಲಿ 255 ಕೊಡುತ್ತೆ ಅಷ್ಟೇ.

ಕ್ಯಾಲೊರಿಫಿಕ್ ವ್ಯಾಲ್ಯೂ 4,000 ಅನ್ನೋದನ್ನೂ ನಂಬಲಿಲ್ಲ. ಲ್ಯಾಬ್ ರಿಪೋರ್ಟ್‌ನಲ್ಲಿ ಒಣ ಬ್ರಿಕೆಟ್‌ಗೆ 4,250 ಇತ್ತು. ನಾನು ನಮ್ಮ ರಾಶಿಯಿಂದ 100 ಗ್ರಾಂ ಪುಡಿ ಮಾಡಿ ಓವನ್‌ನಲ್ಲಿ 105 ಡಿಗ್ರಿಗೆ ಇಟ್ಟು, ತೂಕ ಇಳಿಯೋದು ನಿಲ್ಲೋವರೆಗೂ ಬಿಟ್ಟೆ, 84 ಗ್ರಾಂ ಉಳೀತು. 16% ತೇವ. ಅಂದ್ರೆ ನಾವು ಸುಡ್ತಿದ್ದ ಮಾಲಿನಲ್ಲಿ ಇದ್ದದ್ದು 4,250 × 0.84, ಸುಮಾರು 3,570. ಬ್ರಿಕೆಟ್ ಇಟ್ಟಿದ್ದ ತಗಡಿನ ಶೆಡ್‌ನ ಒಂದು ಕಡೆ ಮಳೆ ಎರಚಲು ಬರ್ತಿತ್ತು, ಅದರ ಫಲ ಇದು.

ಎಫಿಶಿಯೆನ್ಸಿ 65% ಅಂತ ಹಿಡಿದು ನೋಡಿದೆ: 1,100 × 634 ÷ (0.65 × 3,570), ಸುಮಾರು 300 ಕೆಜಿ. ಕೊಟೇಶನ್‌ನ 200 ಯಾವತ್ತೂ ಆಗೋ ಮಾತೇ ಆಗಿರಲಿಲ್ಲ ಅನ್ನೋದು ಇಲ್ಲೇ ಗೊತ್ತಾಯ್ತು. ಆದ್ರೆ 300ಕ್ಕೂ 420ಕ್ಕೂ ಇರೋ ವ್ಯತ್ಯಾಸ ಇನ್ನೂ ಹಂಗೇ ಇತ್ತು, ಅದು ಬೆಂಕಿ ಕಡೆ ಹೋಗ್ತಿದೆಯೋ ಸ್ಟೀಮ್ ಕಡೆ ಹೋಗ್ತಿದೆಯೋ ಅನ್ನೋದು ಲೆಕ್ಕದಿಂದ ಹೇಳೋಕೆ ಆಗಲ್ಲ.

ಅದಕ್ಕೆ ಫೀಡ್ ಪಂಪ್ ಲೈನ್‌ಗೆ ಒಂದು ವಾಟರ್ ಮೀಟರ್ ಕೂರಿಸಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೇ ಖರ್ಚು ಅದೇ. ಬೆಳಿಗ್ಗೆ ಬಾಯ್ಲರ್ ನೀರಿನ ಮಟ್ಟ ತೋರಿಸೋ ಗ್ಲಾಸ್‌ನಲ್ಲಿ ನೀರು ಎಲ್ಲಿದೆ ಅಂತ ಗುರುತು, ಸಂಜೆ ಅದೇ ಗುರುತಿಗೆ ತಂದು ಮೀಟರ್ ಓದೋದು, ಬ್ರಿಕೆಟ್ ಪ್ರತಿ ಬುಟ್ಟಿ ತೂಕ. ಒಂದು ವಾರದ ಸರಾಸರಿ ದಿನಕ್ಕೆ 1,560 ಲೀಟರ್ ಬಂತು. ನಮಗೆ ಬೇಕಾಗಿದ್ದು 1,100!

ಮೊದಲು ಸಂಶಯ ಬಂದಿದ್ದು ಬ್ಲೋಡೌನ್ ಮೇಲೆ, ಅಂದ್ರೆ ಉಪ್ಪು ಸೇರಿದ ಬಾಯ್ಲರ್ ನೀರನ್ನ ಆಗಾಗ ಹೊರಗೆ ಬಿಡೋದರ ಮೇಲೆ. ನಮ್ಮ ಬಾಯ್ಲರ್ ನೋಡ್ಕೊಳ್ಳೋ ಅಣ್ಣ ದಿನಕ್ಕೆ ಸುಮಾರು ಸಲ ಬ್ಲೋಡೌನ್ ವಾಲ್ವ್ ಬಿಡ್ತಿದ್ರು. "ಅಣ್ಣ, ಅಷ್ಟು ಸಲ ಯಾಕೆ ಬಿಡ್ತೀರಿ, ಬಿಸಿನೀರೆಲ್ಲಾ ಚರಂಡಿಗೆ ಹೋಗುತ್ತಲ್ಲ" ಅಂದೆ. "ಬಿಡ್ಲಿಲ್ಲ ಅಂದ್ರೆ ಸಂಜೆ ಹೊತ್ತಿಗೆ ನೀರು ನೊರೆ ಕಟ್ಟುತ್ತೆ ಸರ್, ಗ್ಲಾಸ್ ಕುಣಿಯುತ್ತೆ, ಕೆಟಲ್‌ಗೆ ಸ್ಟೀಮ್ ಜೊತೆ ನೀರು ಹೋಗುತ್ತೆ" ಅಂದ್ರು. ಅಳೆದು ನೋಡೋಣ ಅಂತ ಮೇನ್ ವಾಲ್ವ್ ಮುಚ್ಚಿ ಒಂದು ಸಲ ಬ್ಲೋಡೌನ್ ಕೊಡಿಸಿ, ಗ್ಲಾಸ್ ಮತ್ತೆ ಹಳೇ ಗುರುತಿಗೆ ಬರೋವರೆಗೆ ಮೀಟರ್ ಎಷ್ಟು ಓಡ್ತು ಅಂತ ನೋಡಿದೆ. ದಿನದ ಲೆಕ್ಕ 260 ಲೀಟರ್ ಆಯ್ತು. ಉಳಿದ 1,300 ಸ್ಟೀಮ್ ಆಗಿ ಹೋಗ್ತಿತ್ತು.

260 ಜಾಸ್ತಿನಾ? ನಮ್ಮ ಬೋರ್ ನೀರು ಸಾಫ್ಟ್‌ನರ್ ದಾಟಿದ ಮೇಲೂ ಟಿಡಿಎಸ್ 600 ಇದೆ. ಸಾಫ್ಟ್‌ನರ್ ಗಡಸುತನ ತೆಗೆಯುತ್ತೆ, ಕರಗಿರೋ ಒಟ್ಟು ಉಪ್ಪನ್ನ ಕಮ್ಮಿ ಮಾಡಲ್ಲ, ಸುಮಾರು ಜನ ಇಲ್ಲಿ ಎಡವುತ್ತಾರೆ. ಬಾಯ್ಲರ್ ಒಳಗೆ 3,500 ದಾಟಬಾರದು ಅಂತ ನಮ್ಮ ಬಾಯ್ಲರ್ ಪುಸ್ತಕದಲ್ಲಿದೆ. ಆಗ ಬ್ಲೋಡೌನ್ ಸ್ಟೀಮ್‌ನ 600 ÷ (3,500 − 600) ಪಾಲು ಬೇಕು, ಅಂದ್ರೆ ಸುಮಾರು 21%. 1,300ಕ್ಕೆ 270. ಅಣ್ಣ ಯಾವ ಮೀಟರೂ ಇಲ್ಲದೆ ಬರೀ ಗ್ಲಾಸ್ ನೋಡಿ 260 ಬಿಡ್ತಿದ್ರು. ಅವರಿಗೆ ಅವತ್ತೇ ಹೋಗಿ ಹೇಳಿದೆ, ನೀವು ಮಾಡ್ತಿದ್ದದ್ದೇ ಸರಿ ಅಂತ. ಕಮ್ಮಿ ಮಾಡ್ಬೇಕು ಅಂದ್ರೆ ಒಳಗೆ ಹೋಗೋ ನೀರನ್ನ ಬದಲಿಸಬೇಕಿತ್ತು, ವಾಲ್ವ್ ಮುಚ್ಚಿದ್ರೆ ಆಗಲ್ಲ.

ಇನ್ನು ಸ್ಟೀಮ್ 1,300ಕ್ಕೂ 1,100ಕ್ಕೂ ನಡುವಿನ 200 ಕೆಜಿ. ಎರಡನೇ ಕೆಟಲ್ ಟ್ರ್ಯಾಪ್‌ನ ಬಾಯಲ್ಲಿ ನಿಂತು ನೋಡಿದ್ರೆ ಗೊತ್ತಾಯ್ತು. ಚೆನ್ನಾಗಿರೋ ಟ್ರ್ಯಾಪ್ ಬಿಟ್ಟು ಬಿಟ್ಟು ಉಗುಳುತ್ತೆ, ಬರೋ ಆವಿ ಬಾಯಿಂದಲೇ ಬೆಳ್ಳಗೆ, ಸೋಮಾರಿಯಾಗಿ ಇರುತ್ತೆ. ಇದು ನಿಲ್ಲದೆ ಒಂದೇ ಸಮ ಶಬ್ದ ಮಾಡ್ತಿತ್ತು, ಪೈಪ್ ಬಾಯಿ ಹತ್ರ ಒಂದಿಂಚು ಏನೂ ಕಾಣದೆ ಆಮೇಲೆ ಬಿಳಿ ಆಗ್ತಿತ್ತು. ಅದು ನೀರಾಗದೆ ಹಂಗೇ ಹೋಗ್ತಿದ್ದ ಸ್ಟೀಮ್. ಬಿಚ್ಚಿದ್ರೆ ಡಿಸ್ಕ್ ಕೆಳಗೆ ಕಸ ಸಿಕ್ಕಿ ಗೆರೆ ಬಿದ್ದಿತ್ತು. ಜೊತೆಗೆ ಒಂದೂವರೆ ಇಂಚಿನ ಪೈಪ್ 12 ಮೀಟರ್ ಬರಿಮೈಯಲ್ಲಿ ಇತ್ತು. ಮೀಟರ್‌ಗೆ ಸುಮಾರು 300 ವ್ಯಾಟ್ ಶಾಖ ಹೋಗುತ್ತೆ, ಎಂಟು ಗಂಟೆಗೆ ಹತ್ತಿರ ಹತ್ತಿರ 50 ಕೆಜಿ ಸ್ಟೀಮ್. ಉಳಿದ 150 ಆ ಟ್ರ್ಯಾಪ್ ತಿಂತಿತ್ತು.

ಈಗ ಬೆಂಕಿ ಕಡೆ. 1,300 × 634 ÷ (420 × 3,570), ಎಫಿಶಿಯೆನ್ಸಿ ಸುಮಾರು 55%. ಹೊಗೆ ಕೊಳವೆಗೆ ಥರ್ಮಾಮೀಟರ್ ಇಟ್ಟರೆ 290 ಡಿಗ್ರಿ ತೋರಿಸ್ತು, ಟ್ಯೂಬ್ ತುಂಬ ಮಸಿ. ಬ್ರಷ್ ಹಾಕಿ ತೊಳೆದು, ಡ್ಯಾಂಪರ್ ಸ್ವಲ್ಪ ಮುಚ್ಚಿದ ಮೇಲೆ 220ಕ್ಕೆ ಬಂತು. ಹೊಗೆ 22 ಡಿಗ್ರಿ ಇಳಿದ್ರೆ ಎಫಿಶಿಯೆನ್ಸಿ ಒಂದು ಪರ್ಸೆಂಟ್ ಏರುತ್ತೆ ಅನ್ನೋದು ಬಾಯ್ಲರ್‌ನವರು ಇಟ್ಕೊಳ್ಳೋ ಅಂದಾಜು, ಆ ಪ್ರಕಾರ 3%. ಒಂದೇ ಶಿಫ್ಟ್ ನಡೆಸೋ ನಮ್ಮಂಥವರಿಗೆ 80% ಬರೋದು ಕಷ್ಟ, ಯಾಕಂದ್ರೆ ದಿನಾ ಬೆಳಿಗ್ಗೆ ತಣ್ಣಗಾಗಿರೋ ನೀರು, ಕಬ್ಬಿಣ ಎಲ್ಲಾ ಮತ್ತೆ ಬಿಸಿ ಮಾಡ್ಬೇಕು.

ದೊಡ್ಡ ಬದಲಾವಣೆ ಬಂದಿದ್ದು ಕಂಡೆನ್ಸೇಟ್ ವಾಪಸ್ ತಂದಿದ್ದರಿಂದ. ಟ್ರ್ಯಾಪ್‌ಗಳಿಂದ ಚರಂಡಿಗೆ ಹೋಗ್ತಿದ್ದ ನೀರಲ್ಲಿ 800 ಲೀಟರ್‌ನಷ್ಟು ಫೀಡ್ ಟ್ಯಾಂಕ್‌ಗೆ ಬರೋ ಹಂಗೆ ಮಾಡಿದ್ವಿ. ಅದು ಬಿಸಿ ನೀರೂ ಹೌದು, ಉಪ್ಪಿಲ್ಲದ ನೀರೂ ಹೌದು. ಟ್ಯಾಂಕ್ 27ರಿಂದ 69 ಡಿಗ್ರಿಗೆ ಏರಿತು, ಹಂಗಾಗಿ 634 ಇದ್ದದ್ದು 592 ಆಯ್ತು. ಉಪ್ಪು ಕಮ್ಮಿ ಆಗಿದ್ದರಿಂದ ಬ್ಲೋಡೌನ್ 260ರಿಂದ 70ಕ್ಕೆ ಇಳಿದ್ರೂ ಬಾಯ್ಲರ್ ಟಿಡಿಎಸ್ 3,500 ಒಳಗೇ ಇದೆ, ದಿನಾ ಒಂದು ಲೋಟ ನೀರು ತಣ್ಣಗೆ ಮಾಡಿ ಪೆನ್ ಮೀಟರ್‌ನಲ್ಲಿ ನೋಡ್ತೀವಿ.

ಇದರಲ್ಲಿ ಎರಡು ಕಡೆ ತೊಂದರೆ ಆಯ್ತು. ಒಂದಿನ ಟ್ಯಾಂಕ್ 85 ದಾಟಿದಾಗ ಪಂಪ್ ಗಡಗಡ ಅಂತ ಶಬ್ದ ಮಾಡಿ ನೀರು ಎತ್ತೋದೇ ಬಿಟ್ಟಿತು, ಬಿಸಿನೀರು ಸಕ್ಷನ್‌ನಲ್ಲೇ ಆವಿ ಆಗ್ತಿತ್ತು. ಟ್ಯಾಂಕನ್ನ ಆರಡಿ ಎತ್ತರದ ಸ್ಟ್ಯಾಂಡ್ ಮೇಲೆ ಇಟ್ಟ ಮೇಲೆ ಸರಿ ಹೋಯ್ತು. ಇನ್ನೊಂದು, ಹಳೇ ವಾಟರ್ ಮೀಟರ್ ತಣ್ಣೀರಿಂದು, ಬಿಸಿಗೆ ಒಳಗಿನ ಚಕ್ರ ಬಾಗಿ ಕಮ್ಮಿ ತೋರಿಸೋಕೆ ಶುರು ಮಾಡ್ತು. ಬಿಸಿನೀರಿನ ಮೀಟರೇ ತಗೋಬೇಕು.

ಟ್ರ್ಯಾಪ್ ಬದಲಿಸಿ, ಪೈಪ್‌ಗೆ ಇನ್ಸುಲೇಶನ್ ಸುತ್ತಿ, ಬ್ರಿಕೆಟ್ ಗೋಡೌನ್‌ಗೆ ಗೋಡೆ ಕಟ್ಟಿಸಿದ ಮೇಲೆ ತೇವ 10%ಗೆ ಬಂತು, ಸ್ಟೀಮ್ 1,130. ಎಫಿಶಿಯೆನ್ಸಿ 60% ಅಂತ ಹಿಡಿದ್ರೆ ಲೆಕ್ಕ: 1,130 × 592 ÷ (0.60 × 3,825), ಸುಮಾರು 290 ಕೆಜಿ. ತಕ್ಕಡಿಯಲ್ಲಿ ಬರ್ತಿರೋದು 300.

ಈಗ ಗೋಡೆ ಮೇಲೆ ದಿನಾ ಎರಡೇ ಅಂಕಿ ಬರೀತೀವಿ. ಒಂದು ಕೆಜಿ ಖೋವಾಗೆ ಎಷ್ಟು ಕೆಜಿ ಸ್ಟೀಮ್, ಒಂದು ಕೆಜಿ ಬ್ರಿಕೆಟ್‌ಗೆ ಎಷ್ಟು ಕೆಜಿ ಸ್ಟೀಮ್. ಸ್ಟೀಮ್ ಅಂದ್ರೆ ಮೀಟರ್ ಓದಿದ್ದರಲ್ಲಿ ಬ್ಲೋಡೌನ್ ಕಳೆದು. ಮೊದಲನೇದು 6.5 ಇತ್ತು, ಈಗ 5.6 ಆಸುಪಾಸು, ಅದು ಏರಿದ್ರೆ ಕೆಟಲ್, ಟ್ರ್ಯಾಪ್, ಪೈಪ್ ನೋಡ್ತೀವಿ. ಎರಡನೇದು 3.1ರಿಂದ 3.8ಕ್ಕೆ ಬಂದಿದೆ, ಅದು ಇಳಿದ್ರೆ ಟ್ಯೂಬ್, ಡ್ಯಾಂಪರ್, ಉರುವಲು. ಒಂದು ಎಚ್ಚರ, ಬಾಯ್ಲರ್ ನೊರೆ ಕಟ್ಟಿ ಸ್ಟೀಮ್ ಜೊತೆ ನೀರು ಹೋದ್ರೆ ಮೀಟರ್ ಅದನ್ನೂ ಸ್ಟೀಮ್ ಅಂತಲೇ ಎಣಿಸುತ್ತೆ, ಆಗ ಎರಡನೇ ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತೆ, ಮೊದಲನೇದು ಏರುತ್ತೆ. ಹೋದ ವಾರ ಎರಡನೇದು 3.4ಕ್ಕೆ ಬಿತ್ತು, ಮೊದಲನೇದು ಅಲುಗಾಡಲಿಲ್ಲ. ಟ್ರ್ಯಾಪ್ ಮುಟ್ಟೋಕೂ ಹೋಗದೆ ಹೊಸ ಲೋಡ್‌ನಿಂದ 100 ಗ್ರಾಂ ಓವನ್‌ಗೆ ಇಟ್ಟೆ, 83 ಗ್ರಾಂ ಉಳೀತು. ಲೋಡ್ ಕಳಿಸಿದವರಿಗೆ ಆ ಅಂಕಿನೇ ತೋರಿಸಿ ರೇಟ್ ಇಳಿಸ್ಕೊಂಡೆ.